ಮನೆ ಬಾಗಿಲಿನಿಂದ ಕಚೇರಿಯ ಮೇಜಿನವರೆಗೆ: ಆಟೊ, ಮೆಟ್ರೊ, ನಡಿಗೆ ಸೇರಿದ ಪ್ರಯಾಣಕ್ಕೆ ಎಷ್ಟು ಹೊತ್ತು ಇಟ್ಟುಕೊಳ್ಳಬೇಕು?

ಪ್ರಶ್ನೆ: ನಮ್ಮ ಮನೆ ಬೆಂಗಳೂರಿನ ಕನಕಪುರ ರಸ್ತೆಯಿಂದ ಒಳಗಿರುವ ಬಡಾವಣೆಯಲ್ಲಿದೆ. ಕೋಣನಕುಂಟೆ ಕ್ರಾಸ್ ಮೆಟ್ರೊ ನಿಲ್ದಾಣಕ್ಕೆ 1.8 ಕಿ.ಮೀ., ಆಟೊದಲ್ಲಿ ಹೋಗುತ್ತೇನೆ. ಹೊಸ ಕೆಲಸ ಕುಂದಲಹಳ್ಳಿ ನಿಲ್ದಾಣದಿಂದ ಮುಕ್ಕಾಲು ಕಿ.ಮೀ. ನಡೆದರೆ ಸಿಗುವ ಕಚೇರಿಯಲ್ಲಿ. ಮೊಬೈಲ್ ನಕ್ಷೆ ಒಂದೂವರೆ ಗಂಟೆ ಎನ್ನುತ್ತದೆ. ಆದರೆ ಸಾಮಾನ್ಯವಾಗಿ ಒಂದೂಮುಕ್ಕಾಲು ಗಂಟೆ, ಕೆಲವು ದಿನ ಎರಡು ಗಂಟೆ ಆಗುತ್ತಿದೆ. 9.30ಕ್ಕೆ ಹಾಜರಿ ಹಾಕಲೇಬೇಕು. ಎಷ್ಟು ಗಂಟೆಗೆ ಮನೆ ಬಿಡಬೇಕೆಂದು ನಂಬುವಂತೆ ಲೆಕ್ಕ ಹಾಕುವುದು ಹೇಗೆ?

ಉತ್ತರ: ಮೊದಲು ಸಂಖ್ಯೆಯನ್ನೇ ಹೇಳಿಬಿಡುತ್ತೇನೆ. ನೀವು ಕೊಟ್ಟಿರುವ ವಿವರವನ್ನು ನೋಡಿದರೆ, ಬೆಳಗಿನ ದಟ್ಟಣೆಯ ಹೊತ್ತಿನಲ್ಲಿ ಸಾಮಾನ್ಯ ದಿನಕ್ಕೆ ಸುಮಾರು 105 ನಿಮಿಷ ಬೇಕು. ಹತ್ತು ದಿನಗಳಲ್ಲಿ ಒಂಬತ್ತು ದಿನವಾದರೂ ಸಮಯಕ್ಕೆ ಮುಟ್ಟಬೇಕೆಂದರೆ 118 ನಿಮಿಷ ಇಟ್ಟುಕೊಳ್ಳಬೇಕು, ಅಂದರೆ 7.30ಕ್ಕೆ ಮನೆಯ ಬಾಗಿಲು ದಾಟಿರಬೇಕು. ಈ ಎರಡು ಸಂಖ್ಯೆಗಳು ಎಲ್ಲಿಂದ ಬಂದವು ಎಂಬುದನ್ನು ಹಂತ ಹಂತವಾಗಿ ತೋರಿಸುತ್ತೇನೆ. ನಾನು ಬಳಸಿರುವ ನಿಮಿಷಗಳು ನಿಮ್ಮ ಬೀದಿಗೆ ಚಾಚೂ ತಪ್ಪದೆ ಹೊಂದುತ್ತವೆ ಎನ್ನಲಾರೆ. ಆದರೆ ಅವುಗಳ ಜಾಗದಲ್ಲಿ ನೀವು ನಿಮ್ಮ ಅಳತೆಗಳನ್ನು ಹಾಕಿದಾಗ ಲೆಕ್ಕದ ಕ್ರಮ ಬದಲಾಗುವುದಿಲ್ಲ.

ಈ ಪ್ರಯಾಣದಲ್ಲಿ ಅತ್ಯಂತ ಉದ್ದವಾದ ಭಾಗವೇ ಅತ್ಯಂತ ನಂಬಿಕಸ್ಥ ಭಾಗ. ನೇರಳೆ ಮಾರ್ಗವು ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ 43 ಕಿ.ಮೀ.ಗೂ ಸ್ವಲ್ಪ ಹೆಚ್ಚು ಉದ್ದವಿದೆ, ಅದರಲ್ಲಿ 37 ನಿಲ್ದಾಣಗಳಿವೆ, ಈ ತುದಿಯಿಂದ ಆ ತುದಿಗೆ ಹೋಗಲು ಸುಮಾರು 80 ನಿಮಿಷ ಹಿಡಿಯುತ್ತದೆ. 37 ನಿಲ್ದಾಣಗಳ ನಡುವೆ 36 ಅಂತರಗಳಿರುವುದರಿಂದ, ಒಂದು ನಿಲ್ದಾಣದಿಂದ ಮುಂದಿನದಕ್ಕೆ, ಬಾಗಿಲು ತೆರೆದು ಮುಚ್ಚುವ ಹೊತ್ತೂ ಸೇರಿ, ಸರಾಸರಿ 2.2 ನಿಮಿಷ ಬಂತು. ಮೆಜೆಸ್ಟಿಕ್‌ನಿಂದ ಕುಂದಲಹಳ್ಳಿಗೆ 16 ಅಂತರಗಳು, ಅಂದರೆ 35 ನಿಮಿಷ. ಹಸಿರು ಮಾರ್ಗದಲ್ಲಿ ಕೋಣನಕುಂಟೆ ಕ್ರಾಸ್‌ನಿಂದ ಯಲಚೇನಹಳ್ಳಿ, ಬನಶಂಕರಿ, ಲಾಲ್‌ಬಾಗ್, ಚಿಕ್ಕಪೇಟೆ ದಾಟಿ ಮೆಜೆಸ್ಟಿಕ್ ತಲುಪಲು 11 ಅಂತರಗಳು. ಅದೇ ದರದಲ್ಲಿ 24 ನಿಮಿಷ. ಒಟ್ಟು 59 ನಿಮಿಷ ನೀವು ರೈಲಿನೊಳಗೆ ಇರುತ್ತೀರಿ, ಮತ್ತು ಇದು ಸೋಮವಾರಕ್ಕೂ ಶುಕ್ರವಾರಕ್ಕೂ ಎರಡು ಮೂರು ನಿಮಿಷಕ್ಕಿಂತ ಹೆಚ್ಚು ಬದಲಾಗುವುದು ಅಪರೂಪ. ಆದ್ದರಿಂದ ನಿಮಗೆ ತಡವಾದ ದಿನ ಆ ತಡವನ್ನು ರೈಲಿನ ಓಟದಲ್ಲಿ ಹುಡುಕಬೇಡಿ. ಅದು ಆಟೊದಿಂದ ನಿಲ್ದಾಣಕ್ಕೆ, ನಿಲ್ದಾಣದಿಂದ ರೈಲಿಗೆ, ಒಂದು ಮಾರ್ಗದಿಂದ ಇನ್ನೊಂದಕ್ಕೆ ನೀವು ದಾಟುವ ಕೂಡುಜಾಗಗಳಲ್ಲಿ ಇರುತ್ತದೆ.

ಮೊಬೈಲ್ ನಕ್ಷೆಯ ಒಂದೂವರೆ ಗಂಟೆ ಸುಳ್ಳೂ ಅಲ್ಲ, ಪೂರ್ಣವೂ ಅಲ್ಲ. ಆಟೊ ಓಡುವ 8 ನಿಮಿಷ, ಮೊದಲ ರೈಲಿಗೆ ಕಾಯುವ 3, ಹಸಿರು ಮಾರ್ಗದ 24, ಮೆಜೆಸ್ಟಿಕ್‌ನಲ್ಲಿ ಬದಲಿಸುವ 5, ಎರಡನೇ ರೈಲಿಗೆ ಕಾಯುವ 3, ನೇರಳೆ ಮಾರ್ಗದ 35, ಕೊನೆಯ ನಡಿಗೆಯ 10 ಕೂಡಿಸಿದರೆ 88 ನಿಮಿಷ ಆಗುತ್ತದೆ, ನಕ್ಷೆ ತೋರಿಸುವುದೂ ಹೆಚ್ಚುಕಡಿಮೆ ಇಷ್ಟನ್ನೇ. ಅದು ಬಿಟ್ಟಿರುವುದು ನಾಲ್ಕು ಸಣ್ಣ ಸಂಗತಿಗಳನ್ನು. ಬುಕ್ ಮಾಡಿದ ಆಟೊ ನಿಮ್ಮ ಬಾಗಿಲಿಗೆ ಬರುವವರೆಗಿನ 5 ನಿಮಿಷ. ಕೋಣನಕುಂಟೆ ಕ್ರಾಸ್‌ನಲ್ಲಿ ಆಟೊ ಇಳಿದ ಮೇಲೆ ಮೆಟ್ಟಿಲು ಹತ್ತಿ, ಚೀಲವನ್ನು ತಪಾಸಣೆಗೆ ಕೊಟ್ಟು, ಗೇಟು ದಾಟಿ ಪ್ಲಾಟ್‌ಫಾರಂ ಮೇಲೆ ನಿಲ್ಲುವ 4. ಕುಂದಲಹಳ್ಳಿಯಲ್ಲಿ ಗುಂಪಿನ ಜೊತೆ ಇಳಿದು ಗೇಟು ದಾಟಿ ರಸ್ತೆಗೆ ಬರುವ 3. ಕಚೇರಿಯ ಮುಖ್ಯದ್ವಾರದಿಂದ ಲಿಫ್ಟ್ ಹಿಡಿದು ಹಾಜರಿ ಹಾಕುವವರೆಗಿನ 5. ಈ 17 ನಿಮಿಷ ಸೇರಿದರೆ 105 ಆಗುತ್ತದೆ. ನಿಮ್ಮ ಒಂದೂಮುಕ್ಕಾಲು ಗಂಟೆ ಇದೇ.

ಇದರಲ್ಲಿ ಎರಡು ಕಾಯುವಿಕೆಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೆಚ್ಚಿನವರ ಲೆಕ್ಕ ತಪ್ಪುವುದು ಇಲ್ಲಿಯೇ. ಐದು ನಿಮಿಷಕ್ಕೊಂದು ರೈಲು ಇದ್ದರೆ, ಸಮಯ ನೋಡದೆ ಪ್ಲಾಟ್‌ಫಾರಂಗೆ ಬರುವವರು ಸರಾಸರಿ ಎರಡೂವರೆ ನಿಮಿಷ ಕಾಯುತ್ತಾರೆ ಎಂಬುದು ಸರಿ. ಆದರೆ ರೈಲುಗಳು ಸಮ ಅಂತರದಲ್ಲಿ ಬಂದರೆ ಮಾತ್ರ ಅದು ನಿಜ. ಒಂದು ರೈಲು 2 ನಿಮಿಷಕ್ಕೆ, ಮುಂದಿನದು 8 ನಿಮಿಷಕ್ಕೆ ಬರುತ್ತದೆ ಎಂದುಕೊಳ್ಳಿ. ಸರಾಸರಿ ಅಂತರ ಈಗಲೂ ಐದೇ, ಆದರೆ ಹತ್ತು ನಿಮಿಷಗಳಲ್ಲಿ ಎಂಟು ನಿಮಿಷ ದೊಡ್ಡ ಅಂತರದ್ದೇ ಆಗಿರುವುದರಿಂದ ನೀವು ಅದರೊಳಗೆ ಬಂದು ಸಿಕ್ಕಿಕೊಳ್ಳುವ ಸಾಧ್ಯತೆ ಹೆಚ್ಚು. ಲೆಕ್ಕ ಹಾಕಿದರೆ ಸರಾಸರಿ ಕಾಯುವಿಕೆ 3.4 ನಿಮಿಷಕ್ಕೆ ಏರುತ್ತದೆ. ಹಾಗಾಗಿ ಅರ್ಧ ಅಂತರಕ್ಕಿಂತ ತುಸು ಹೆಚ್ಚು ಇಟ್ಟುಕೊಳ್ಳುವುದು ಒಳ್ಳೆಯದು. ನಾನು 3 ನಿಮಿಷ ಎಂದದ್ದು ಅದಕ್ಕೇ.

ರೈಲುಗಳ ನಡುವಿನ ಅಂತರ ದೊಡ್ಡದಾದಾಗ ಅರ್ಧ ಮಾಡುವ ಪದ್ಧತಿಯನ್ನೇ ಬಿಟ್ಟು ವೇಳಾಪಟ್ಟಿಯನ್ನು ನೋಡಬೇಕು. ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಆರಂಭವಾದಾಗ ರೈಲುಗಳು ಕಡಿಮೆ ಇದ್ದುದರಿಂದ 25 ನಿಮಿಷಕ್ಕೊಂದರಂತೆ ಓಡುತ್ತಿದ್ದವು. ಅಂಥ ಕಡೆ 12 ನಿಮಿಷ ಎಂದು ಬರೆದುಕೊಳ್ಳುವುದರಲ್ಲಿ ಅರ್ಥವಿಲ್ಲ: ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗದ ರೈಲಿನಿಂದ ಇಳಿದು ಮೆಟ್ಟಿಲ ಮೇಲಿರುವಾಗಲೇ ಹಳದಿ ರೈಲು ಹೊರಟರೆ ಕಾಯುವಿಕೆ 25 ನಿಮಿಷ, ಸಿಕ್ಕರೆ ಸೊನ್ನೆ. ನಡುವಿನ ಸಂಖ್ಯೆ ಯಾವ ದಿನಕ್ಕೂ ನಿಜವಲ್ಲ. ಅಂತರ 10 ನಿಮಿಷ ಮೀರಿದ ಮೇಲೆ ನೀವು ಹಿಡಿಯಬೇಕಾದ ರೈಲನ್ನು ಮೊದಲು ಗೊತ್ತು ಮಾಡಿಕೊಂಡು, ಅಲ್ಲಿಂದ ಹಿಂದಕ್ಕೆ ಎಣಿಸುವುದೇ ಸರಿಯಾದ ಕ್ರಮ. ರಾತ್ರಿ ಹೊತ್ತಿಗೂ ಭಾನುವಾರದ ಬೆಳಗಿಗೂ ಇದೇ ಮಾತು ಅನ್ವಯಿಸುತ್ತದೆ.

ನಿಮ್ಮ ದಾರಿಯಲ್ಲಿ ಹೆಚ್ಚು ಗಮನ ಬೇಡುವುದು ಮೆಜೆಸ್ಟಿಕ್. ಹಸಿರು ಮತ್ತು ನೇರಳೆ ಮಾರ್ಗಗಳ ಪ್ಲಾಟ್‌ಫಾರಂಗಳು ಅಲ್ಲಿ ಬೇರೆ ಬೇರೆ ಅಂತಸ್ತುಗಳಲ್ಲಿವೆ, ಆದ್ದರಿಂದ ಮಾರ್ಗ ಬದಲಿಸುವ ಸಮಯವನ್ನು ನಿಮ್ಮ ಕಾಲಿನ ವೇಗಕ್ಕಿಂತ ಎಸ್ಕಲೇಟರ್ ಬುಡದ ಗುಂಪೇ ತೀರ್ಮಾನಿಸುತ್ತದೆ. ಆರು ಬೋಗಿಯ ರೈಲು ಸುಮಾರು 130 ಮೀಟರ್ ಉದ್ದವಿರುತ್ತದೆ. ತಪ್ಪು ತುದಿಯ ಬೋಗಿಯಲ್ಲಿ ಇಳಿದರೆ ಇಡೀ ಪ್ಲಾಟ್‌ಫಾರಂ ನಡೆದು, ನಿಮಗಿಂತ ಮುಂದೆ ಇಳಿದ ನೂರಾರು ಜನರ ಹಿಂದೆ ನಿಲ್ಲಬೇಕಾಗುತ್ತದೆ. ಎಸ್ಕಲೇಟರ್ ಎದುರಿಗೇ ತೆರೆಯುವ ಬಾಗಿಲನ್ನು ಗುರುತು ಹಾಕಿಕೊಂಡು ಕೋಣನಕುಂಟೆ ಕ್ರಾಸ್‌ನಲ್ಲೇ ಆ ಬೋಗಿಗೆ ಹತ್ತಿದರೆ ಮೂರು ನಿಮಿಷ ಉಳಿಯುವುದುಂಟು. ಅಲ್ಲಿ ಪ್ಲಾಟ್‌ಫಾರಂ ಖಾಲಿ ಇರುವಾಗ ನಾಲ್ಕು ಹೆಜ್ಜೆ ಹೆಚ್ಚು ನಡೆಯುವುದು ಕಷ್ಟವಲ್ಲ, ಮೆಜೆಸ್ಟಿಕ್‌ನ ಜನಸಂದಣಿಯಲ್ಲಿ ಅದೇ ದೂರ ಬಹಳ ನಿಧಾನ.

ಬದಲಿಸಿದ ಮೇಲೆ ಎರಡು ಅಡ್ಡಿಗಳು ಬರಬಹುದು. ಒಂದು, ಬೆಳಗಿನ ಹೊತ್ತಿನಲ್ಲಿ ವೈಟ್‌ಫೀಲ್ಡ್ ಕಡೆಗೆ ಹೋಗುವ ರೈಲು ತುಂಬಿ ಬಂದು ಹತ್ತಲು ಆಗದಿರುವುದು. ಆಗ ಕಾಯುವಿಕೆ ಅರ್ಧ ಅಂತರ ಮಾತ್ರವಲ್ಲ, ಬಿಟ್ಟ ಪ್ರತಿ ರೈಲಿಗೂ ಒಂದೊಂದು ಪೂರ್ತಿ ಅಂತರ ಸೇರುತ್ತದೆ. ಎರಡು, ದಟ್ಟಣೆಯ ಹೊತ್ತಿನ ಕೆಲವು ರೈಲುಗಳು ವೈಟ್‌ಫೀಲ್ಡ್‌ವರೆಗೆ ಹೋಗದೆ ನಡುವೆಯೇ ಹಿಂತಿರುಗುತ್ತವೆ. ಇಂದಿರಾನಗರಕ್ಕೆ ಹೋಗುವವರಿಗೆ ಅದರಿಂದ ಅನುಕೂಲವೇ. ಕುಂದಲಹಳ್ಳಿಗೆ ಹೋಗುವ ನಿಮಗೆ ಅಂಥ ರೈಲು ಲೆಕ್ಕಕ್ಕಿಲ್ಲ. ಪ್ಲಾಟ್‌ಫಾರಂನ ಫಲಕದಲ್ಲಿ ಬರುವ ಕೊನೆಯ ನಿಲ್ದಾಣದ ಹೆಸರನ್ನು ಓದಿ, ನಿಮ್ಮ ನಿಲ್ದಾಣವನ್ನು ಮುಟ್ಟುವ ರೈಲುಗಳ ನಡುವಿನ ಅಂತರವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ‘ಮೂರು ನಿಮಿಷಕ್ಕೊಂದು ರೈಲು’ ಎಂದು ಎಲ್ಲೋ ಓದಿದವರು ಪೂರ್ವ ಭಾಗದಲ್ಲಿ ಆರು ನಿಮಿಷ ಕಾಯುವುದಕ್ಕೆ ಕಾರಣ ಇದೇ ಇರುತ್ತದೆ.

ಇನ್ನು ಆಟೊ. ನಿಮ್ಮ ಪ್ರಯಾಣದ ಅನಿಶ್ಚಯದಲ್ಲಿ ದೊಡ್ಡ ಪಾಲು ಇದರದು, ದೂರದಲ್ಲಿ ಇದು 1.8 ಕಿ.ಮೀ. ಮಾತ್ರವಾದರೂ. ಆಟೊ ಸಮಯವನ್ನು ಯಾವಾಗಲೂ ಎರಡಾಗಿ ಒಡೆಯಬೇಕು: ಸಿಗುವವರೆಗಿನ ಹೊತ್ತು, ಓಡುವ ಹೊತ್ತು. ಓಡುವ ಹೊತ್ತು ಬಡಾವಣೆಯ ತಿರುವುಗಳು ಮತ್ತು ಕನಕಪುರ ರಸ್ತೆಗೆ ಸೇರುವ ಸಿಗ್ನಲ್ ಸೇರಿ ಕಿ.ಮೀ.ಗೆ ಸುಮಾರು 4 ನಿಮಿಷ. ಕೆಟ್ಟ ದಿನ 7 ನಿಮಿಷ. ಸಿಗುವವರೆಗಿನ ಹೊತ್ತಿಗೆ ಅಂಥ ಮಿತಿ ಇಲ್ಲ. ಹತ್ತಿರದ ಚಾಲಕರು ಒಪ್ಪಿಕೊಂಡರೆ ಮೂರೇ ನಿಮಿಷ. ಒಪ್ಪಿ, ಅರ್ಧ ದಾರಿ ಬಂದು ಕ್ಯಾನ್ಸಲ್ ಮಾಡಿದರೆ ಹುಡುಕಾಟ ಮೊದಲಿನಿಂದ ಶುರುವಾಗುತ್ತದೆ, ಅಲ್ಲಿಗೆ 12 ನಿಮಿಷ ಹೋಗಿರುತ್ತದೆ. 2025ರ ಆಗಸ್ಟ್‌ನಲ್ಲಿ ಬೆಂಗಳೂರಿನ ಕನಿಷ್ಠ ಮೀಟರ್ ದರ ಮೊದಲ 2 ಕಿ.ಮೀ.ಗೆ 36 ರೂಪಾಯಿ ಆಯಿತು. ನಿಮ್ಮ 1.8 ಕಿ.ಮೀ. ಆ ಕನಿಷ್ಠ ದರದೊಳಗೇ ಮುಗಿಯುವ ಪ್ರಯಾಣ. ದಟ್ಟಣೆಯ ಹೊತ್ತಿನಲ್ಲಿ ಉದ್ದದ ಬಾಡಿಗೆ ಸಿಗುತ್ತಿರುವಾಗ ಚಾಲಕರು ಇಂಥ ಸಣ್ಣ ಬಾಡಿಗೆಯನ್ನು ಬಿಡುವುದು ಸಹಜ, ಅವರನ್ನು ದೂರಿ ಪ್ರಯೋಜನವಿಲ್ಲ; ಆ ಸಾಧ್ಯತೆಯನ್ನು ಲೆಕ್ಕದಲ್ಲಿ ಬರೆದುಕೊಳ್ಳುವುದು ನಮ್ಮ ಕೆಲಸ.

ಆಟೊವೋ ನಡಿಗೆಯೋ ಎಂಬ ಪ್ರಶ್ನೆಗೂ ಈ ಒಡೆಯುವಿಕೆಯಿಂದಲೇ ಉತ್ತರ ಸಿಗುತ್ತದೆ. ನಮ್ಮ ಪಾದಚಾರಿ ಮಾರ್ಗಗಳ ಸ್ಥಿತಿಯಲ್ಲಿ, ರಸ್ತೆ ದಾಟಲು ನಿಲ್ಲುವುದೂ ಸೇರಿ, ಸಾಮಾನ್ಯ ವೇಗದ ನಡಿಗೆಗೆ ಕಿ.ಮೀ.ಗೆ ಹನ್ನೆರಡೂವರೆ ನಿಮಿಷ ಇಟ್ಟುಕೊಳ್ಳಬಹುದು. ಆಟೊಗೆ 4 ನಿಮಿಷ. ಅಂದರೆ ಆಟೊ ಪ್ರತಿ ಕಿ.ಮೀ.ಗೆ ಎಂಟೂವರೆ ನಿಮಿಷ ಉಳಿಸುತ್ತದೆ. ಆಟೊ ಸಿಗಲು 6 ನಿಮಿಷ ಬೇಕಾದರೆ ಸುಮಾರು 700 ಮೀಟರ್ ದೂರಕ್ಕೆ ಎರಡೂ ಸಮ. 12 ನಿಮಿಷ ಬೇಕಾದ ದಿನ 1.4 ಕಿ.ಮೀ.ಗೆ ಸಮ. 700 ಮೀಟರ್ ಒಳಗಿದ್ದರೆ ನಡೆಯುವುದೇ ಬೇಗ. 1.4 ಕಿ.ಮೀ. ಮೀರಿದರೆ ಕೆಟ್ಟ ದಿನವೂ ಆಟೊ ಗೆಲ್ಲುತ್ತದೆ. ನಡುವಿನ ದೂರದಲ್ಲಿ ಆಟೊ ಸರಾಸರಿಯಲ್ಲಿ ಬೇಗ, ಆದರೆ ತಡವಾಗಬಾರದ ದಿನಕ್ಕೆ ನಡಿಗೆ ಒಳ್ಳೆಯದು, ಏಕೆಂದರೆ ಕಾಲುಗಳು ಕ್ಯಾನ್ಸಲ್ ಆಗುವುದಿಲ್ಲ. ನಿಮ್ಮ 1.8 ಕಿ.ಮೀ.ಗೆ ಆಟೊ ಸರಿ; ಕುಂದಲಹಳ್ಳಿಯ 750 ಮೀಟರ್‌ಗೆ ನಡಿಗೆಯೇ ಸರಿ, ನೀವು ಮಾಡುತ್ತಿರುವುದೂ ಅದೇ.

ನಡಿಗೆಯ ದೂರವನ್ನು ಅಳೆಯುವಾಗ ಒಂದು ಎಚ್ಚರಿಕೆ. ನಕ್ಷೆಯಲ್ಲಿ ನಿಲ್ದಾಣದ ಗುರುತು ಸಾಮಾನ್ಯವಾಗಿ ಕಟ್ಟಡದ ನಡುವೆ ಇರುತ್ತದೆ, ನೀವು ಹೊರಬರುವುದು ಒಂದು ತುದಿಯ ಮೆಟ್ಟಿಲಿನಿಂದ. ಎತ್ತರಿಸಿದ ನಿಲ್ದಾಣಗಳಲ್ಲಿ ರಸ್ತೆಯ ಎರಡೂ ಬದಿಗೆ ಇಳಿಯುವ ದಾರಿಗಳಿರುತ್ತವೆ. ಕಚೇರಿಯಿರುವ ಬದಿಗೇ ಇಳಿದರೆ ಕೆಳಗಿನ ರಸ್ತೆ ದಾಟುವ ಎರಡು ಮೂರು ನಿಮಿಷ ಉಳಿಯುತ್ತದೆ. ಒಂದು ಸಲ ಸರಿಯಾದ ದಾರಿಯನ್ನು ಕಂಡುಕೊಂಡರೆ ಆಮೇಲೆ ಅದು ದಿನವೂ ನಿಮ್ಮದು.

ಈಗ ನಿಜವಾದ ಲೆಕ್ಕಕ್ಕೆ ಬರೋಣ. 105 ಎಂಬುದು ಸಾಮಾನ್ಯ ದಿನದ ಮೊತ್ತ. ಅದನ್ನು ನೆಚ್ಚಿ 7.45ಕ್ಕೆ ಹೊರಟರೆ ಹೆಚ್ಚುಕಡಿಮೆ ಅರ್ಧದಷ್ಟು ದಿನ ತಡವಾಗುತ್ತದೆ. ಹಾಗೆಂದು ಪ್ರತಿ ಹಂತದ ಕೆಟ್ಟ ಸಮಯವನ್ನು ಕೂಡಿಸಿದರೂ ತಪ್ಪಾಗುತ್ತದೆ, ಏಕೆಂದರೆ ಆಟೊ ಸಿಗದ ದಿನವೇ ತಪಾಸಣೆಯ ಸಾಲೂ ಉದ್ದವಿದ್ದು, ಅಂದೇ ಎರಡು ರೈಲು ಬಿಡಬೇಕಾಗಿ, ಅಂದೇ ಕಚೇರಿಯ ಲಿಫ್ಟೂ ಬಾರದಿರುವುದು ಬಹಳ ಅಪರೂಪ. ಮಾಡಬೇಕಾದದ್ದು ಇಷ್ಟು: ಪ್ರತಿ ಹಂತಕ್ಕೂ ಸಾಮಾನ್ಯ ಸಮಯ ಒಂದು, ಹತ್ತು ದಿನಕ್ಕೊಮ್ಮೆ ಬರುವ ಕೆಟ್ಟ ಸಮಯ ಇನ್ನೊಂದು, ಹೀಗೆ ಎರಡನ್ನು ಬರೆದುಕೊಳ್ಳಿ. ಎರಡರ ವ್ಯತ್ಯಾಸವನ್ನು ವರ್ಗ ಮಾಡಿ, ಎಲ್ಲ ವರ್ಗಗಳನ್ನು ಕೂಡಿಸಿ, ಮೊತ್ತದ ವರ್ಗಮೂಲ ತೆಗೆಯಿರಿ. ಅದೇ ನೀವು ಸಾಮಾನ್ಯ ಮೊತ್ತಕ್ಕೆ ಸೇರಿಸಬೇಕಾದ ಮುನ್ನೆಚ್ಚರಿಕೆಯ ಸಮಯ.

ನಿಮ್ಮ ದಾರಿಗೆ ಇದನ್ನು ಹಾಕೋಣ. ಆಟೊ ಸಿಗುವುದು ಸಾಮಾನ್ಯವಾಗಿ 5, ಕೆಟ್ಟ ದಿನ 12, ವ್ಯತ್ಯಾಸ 7. ಆಟೊ ಓಟ 8 ಮತ್ತು 13, ವ್ಯತ್ಯಾಸ 5. ನಿಲ್ದಾಣದ ಪ್ರವೇಶ 4 ಮತ್ತು 7, ವ್ಯತ್ಯಾಸ 3. ಹಸಿರು ರೈಲಿನ ಕಾಯುವಿಕೆ 3 ಮತ್ತು 5, ವ್ಯತ್ಯಾಸ 2. ಅದರ ಓಟ 24 ಮತ್ತು 25, ವ್ಯತ್ಯಾಸ 1. ಮೆಜೆಸ್ಟಿಕ್‌ನಲ್ಲಿ ಬದಲಾವಣೆ 5 ಮತ್ತು 8, ವ್ಯತ್ಯಾಸ 3. ನೇರಳೆ ರೈಲಿನ ಕಾಯುವಿಕೆ 3 ಮತ್ತು 9, ವ್ಯತ್ಯಾಸ 6. ಅದರ ಓಟ 35 ಮತ್ತು 38, ವ್ಯತ್ಯಾಸ 3. ನಿಲ್ದಾಣದಿಂದ ಹೊರಬರುವುದು 3 ಮತ್ತು 5, ನಡಿಗೆ 10 ಮತ್ತು 12, ಎರಡಕ್ಕೂ ವ್ಯತ್ಯಾಸ 2. ಕಚೇರಿಯೊಳಗಿನದು 5 ಮತ್ತು 9, ವ್ಯತ್ಯಾಸ 4. ವ್ಯತ್ಯಾಸಗಳ ವರ್ಗಗಳನ್ನು ಕೂಡಿಸಿದರೆ:

```
49 + 25 + 9 + 4 + 1 + 9 + 36 + 9 + 4 + 4 + 16 = 166
√166 ≈ 13
105 + 13 = 118
```

ಕೆಟ್ಟ ಸಮಯಗಳನ್ನು ನೇರವಾಗಿ ಕೂಡಿಸಿದ್ದರೆ 143 ನಿಮಿಷ ಬರುತ್ತಿತ್ತು, ನೀವು 7.07ಕ್ಕೇ ಹೊರಟು ಬಹುತೇಕ ದಿನ ಕಚೇರಿಯಲ್ಲಿ ಅರ್ಧ ಗಂಟೆ ಸುಮ್ಮನೆ ಕೂರಬೇಕಾಗುತ್ತಿತ್ತು. ದಿನವೂ 25 ನಿಮಿಷ ನಿದ್ದೆಗೋ ಮನೆಯ ಕೆಲಸಕ್ಕೋ ಉಳಿಯುವುದು ಸಣ್ಣ ಸಂಗತಿಯಲ್ಲ, ಆದ್ದರಿಂದಲೇ ಈ ವರ್ಗಮೂಲದ ಲೆಕ್ಕವನ್ನು ಕಷ್ಟಪಟ್ಟಾದರೂ ಕಲಿಯಿರಿ ಎನ್ನುತ್ತೇನೆ.

ಆ ಸಾಲಿನಿಂದ ಇನ್ನೊಂದು ಉಪಯೋಗವಿದೆ. 166ರಲ್ಲಿ ಆಟೊದ ಎರಡು ಅಂಶಗಳು 74, ನೇರಳೆ ರೈಲಿನ ಕಾಯುವಿಕೆ 36. ಈ ಮೂರೇ ಸೇರಿ 110, ಅಂದರೆ ಒಟ್ಟು ಅನಿಶ್ಚಯದ ಮೂರನೇ ಎರಡು ಪಾಲು. ಸುಧಾರಣೆಯನ್ನು ಎಲ್ಲಿ ಹುಡುಕಬೇಕೆಂದು ಇದು ಹೇಳುತ್ತದೆ. ಕುಂದಲಹಳ್ಳಿಯಲ್ಲಿ ಬಿರುಸಾಗಿ ನಡೆದು ಎರಡು ನಿಮಿಷ ಉಳಿಸುವುದಕ್ಕಿಂತ ಮನೆಯ ಬಳಿಯ ಆಟೊ ಹುಡುಕಾಟವನ್ನು ತಪ್ಪಿಸುವುದರಿಂದ ಹೆಚ್ಚು ಲಾಭ. ಮನೆಯವರು ಯಾರಾದರೂ ಸ್ಕೂಟರ್‌ನಲ್ಲಿ ನಿಲ್ದಾಣಕ್ಕೆ ಬಿಡುವಂತಿದ್ದರೆ ನೋಡಿ: ಸಾಮಾನ್ಯ 7 ನಿಮಿಷ, ಕೆಟ್ಟ ದಿನ 10. ಆಗ ಸಾಮಾನ್ಯ ಮೊತ್ತ 99ಕ್ಕೆ ಇಳಿಯುತ್ತದೆ, ವರ್ಗಗಳ ಮೊತ್ತ 166ರಿಂದ 101ಕ್ಕೆ ಇಳಿದು ಮುನ್ನೆಚ್ಚರಿಕೆ 10 ನಿಮಿಷವಾಗುತ್ತದೆ, ಒಟ್ಟು 109. ಉಳಿದ ಒಂಬತ್ತು ನಿಮಿಷದಲ್ಲಿ ಆರು ಬೇಗ ಹೋಗಿದ್ದರಿಂದ ಬಂದದ್ದು, ಮೂರು ಬರೀ ನಿಶ್ಚಿತತೆಯಿಂದ ಬಂದದ್ದು. ಪೂರ್ತಿ ನಡೆದರೆ? 1.8 ಕಿ.ಮೀ.ಗೆ 22 ನಿಮಿಷ, ಕೆಟ್ಟ ದಿನ 24. ಸಾಮಾನ್ಯ ಮೊತ್ತ 114, ಮುನ್ನೆಚ್ಚರಿಕೆ 10, ಒಟ್ಟು 124. ಆಟೊಗಿಂತ ಆರೇ ನಿಮಿಷ ಹೆಚ್ಚು! ಸರಾಸರಿಯಲ್ಲಿ ಒಂಬತ್ತು ನಿಮಿಷ ನಿಧಾನವಾದರೂ ನಂಬಬಹುದಾದ ಲೆಕ್ಕದಲ್ಲಿ ಅಂತರ ಅಷ್ಟು ಕಡಿಮೆಯಾಗುತ್ತದೆ. ನಿಮ್ಮ ಬಡಾವಣೆಯ ಕಡೆಯಿಂದ ಬಿಎಂಟಿಸಿಯ ಮೆಟ್ರೊ ಫೀಡರ್ ಬಸ್ ಇದ್ದು, ಅದು ಹೊರಡುವ ಹೊತ್ತು ನಿಮಗೆ ಗೊತ್ತಿದ್ದರೆ, ಅದನ್ನೂ ಇದೇ ರೀತಿ ಎರಡು ಸಂಖ್ಯೆಗಳಲ್ಲಿ ಬರೆದು ಹೋಲಿಸಿ.

ವರ್ಗಮೂಲದ ಲೆಕ್ಕಕ್ಕೆ ಒಂದು ಷರತ್ತಿದೆ, ಅದನ್ನು ಮರೆತರೆ ಮಳೆಗಾಲದಲ್ಲಿ ಮೋಸವಾಗುತ್ತದೆ. ಹಂತಗಳು ಒಂದಕ್ಕೊಂದು ಸಂಬಂಧವಿಲ್ಲದೆ ತಡವಾಗುತ್ತವೆ ಎಂದು ಅದು ನಂಬುತ್ತದೆ. ಬೆಳಿಗ್ಗೆ ಮಳೆ ಹಿಡಿದ ದಿನ ಆಟೊ ಸಿಗುವುದೂ, ಆಟೊ ಓಡುವುದೂ, ನಿಲ್ದಾಣದ ಬಾಗಿಲಲ್ಲಿ ಕೊಡೆ ಮಡಚುತ್ತಾ ನಿಂತವರ ಸಾಲೂ, ಕೊನೆಯ ನಡಿಗೆಯೂ ಒಂದೇ ಕಾರಣಕ್ಕೆ ಒಟ್ಟಿಗೆ ಕೆಡುತ್ತವೆ. ಒಟ್ಟಿಗೆ ಕೆಡುವುದನ್ನು ಒಟ್ಟಿಗೇ ಕೂಡಿಸಬೇಕು. 7, 5, 3, 2 ಸೇರಿ 17. ಇದನ್ನು ಒಂದೇ ಅಂಶವೆಂದು ತಿಳಿದು ವರ್ಗ ಮಾಡಿದರೆ 289. ಉಳಿದ ಏಳು ಅಂಶಗಳ ವರ್ಗಗಳು 79. ಒಟ್ಟು 368, ವರ್ಗಮೂಲ 19. ಹಾಗಾಗಿ ಮಳೆಯ ದಿನಕ್ಕೆ 124 ನಿಮಿಷ, 7.25ಕ್ಕೆ ಹೊರಡಬೇಕು. ರಸ್ತೆಯಲ್ಲಿ ನೀರು ನಿಲ್ಲುವಷ್ಟು ಮಳೆ ಬಂದರೆ ಆಟೊದ ಕೆಟ್ಟ ಸಮಯವೇ 12 ದಾಟುತ್ತದೆ, ಆಗ ಈ ಸಂಖ್ಯೆಗೂ ಬೆಲೆ ಇಲ್ಲ; ಕೊಡೆ ಹಿಡಿದು ನಿಲ್ದಾಣಕ್ಕೆ ನಡೆದುಬಿಡುವುದು ಲೇಸು. ಮೆಟ್ರೊ ಓಟಕ್ಕೆ ಸಾಧಾರಣ ಮಳೆ ತಟ್ಟುವುದಿಲ್ಲ, ಆದರೆ ಅಂದು ದ್ವಿಚಕ್ರ ವಾಹನದವರೂ ಮೆಟ್ರೊಗೆ ಬರುವುದರಿಂದ ಮೆಜೆಸ್ಟಿಕ್‌ನಲ್ಲಿ ಒಂದು ರೈಲು ಹೆಚ್ಚು ಬಿಡಬೇಕಾಗಬಹುದು.

ಮೆಟ್ರೊದಲ್ಲಿ ತಾಂತ್ರಿಕ ದೋಷ ಬಂದು ಸೇವೆ ನಿಂತ ದಿನಗಳನ್ನು ಈ ಲೆಕ್ಕದೊಳಗೆ ತುರುಕಬೇಡಿ. ಅವು ವಿರಳ, ಬಂದಾಗ ಅರ್ಧ ಗಂಟೆಯಿಂದ ಮೇಲಕ್ಕೆ ತಡಮಾಡುತ್ತವೆ. ಅದನ್ನು ದಿನದ ಮುನ್ನೆಚ್ಚರಿಕೆಯಲ್ಲಿ ಸೇರಿಸಿದರೆ ವರ್ಷವಿಡೀ ನಷ್ಟ. ಸಂದರ್ಶನ, ಪರೀಕ್ಷೆ, ನ್ಯಾಯಾಲಯದ ಹಾಜರಿ ಮುಂತಾದ, ತಪ್ಪಿದರೆ ಸರಿಪಡಿಸಲಾಗದ ದಿನಗಳಿಗೆ ಮಾತ್ರ ಇನ್ನೂ 30 ನಿಮಿಷ ಬೇರೆಯಾಗಿ ಇಡಿ.

ನನ್ನ ಸಂಖ್ಯೆಗಳ ಜಾಗದಲ್ಲಿ ನಿಮ್ಮವನ್ನು ಹಾಕಲು ಎರಡು ವಾರದ ಕೆಲಸ ಸಾಕು. ಮೊಬೈಲ್‌ನ ಟಿಪ್ಪಣಿಯಲ್ಲಿ ಐದು ಹೊತ್ತುಗಳನ್ನು ಮಾತ್ರ ಬರೆಯಿರಿ: ಮನೆಯ ಬಾಗಿಲು ಹಾಕಿದ್ದು, ಕೋಣನಕುಂಟೆ ಕ್ರಾಸ್‌ನಲ್ಲಿ ಆಟೊ ಇಳಿದದ್ದು, ಮೊದಲ ರೈಲಿನ ಬಾಗಿಲು ಮುಚ್ಚಿದ್ದು, ಎರಡನೇ ರೈಲಿನ ಬಾಗಿಲು ಮುಚ್ಚಿದ್ದು, ಹಾಜರಿ ಹಾಕಿದ್ದು. ಆಟೊ ಆ್ಯಪ್‌ನ ಹಿಂದಿನ ಪ್ರಯಾಣಗಳ ಪಟ್ಟಿಯನ್ನೂ ನೋಡಿ, ಆದರೆ ಅದರಲ್ಲಿ ಕ್ಯಾನ್ಸಲ್ ಆದ ಬುಕಿಂಗ್‌ಗಳ ಹೊತ್ತು ಮುಗಿದ ಪ್ರಯಾಣದ ಲೆಕ್ಕಕ್ಕೆ ಸೇರುವುದಿಲ್ಲ, ಅದಕ್ಕಾಗಿ ಬಾಗಿಲು ಹಾಕಿದ ಹೊತ್ತನ್ನು ನೀವೇ ಬರೆದುಕೊಳ್ಳಬೇಕು. ಹತ್ತು ದಿನಗಳ ಟಿಪ್ಪಣಿಯಲ್ಲಿ ಪ್ರತಿ ಹಂತದ ಸಮಯಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿದಾಗ ನಡುವಿನದು ನಿಮ್ಮ ಸಾಮಾನ್ಯ ಸಮಯ, ಒಂಬತ್ತನೆಯದು ಕೆಟ್ಟ ಸಮಯ. ಹತ್ತನೆಯದು ಎಂದೋ ಒಮ್ಮೆ ಆಗುವ ವಿಪರೀತವಿರಬಹುದು, ಅದನ್ನು ಬಿಡಿ. ಲೆಕ್ಕ ಸರಿಯಿದೆಯೇ ಎಂದು ತಿಳಿಯಲು ಒಟ್ಟು ಸಮಯವನ್ನೂ ಪಕ್ಕದಲ್ಲಿ ಇಟ್ಟು ನೋಡಿ: ಹತ್ತರಲ್ಲಿ ಮೂರು ದಿನ ನಿಮ್ಮ 118 ಮೀರುತ್ತಿದ್ದರೆ ಯಾವುದೋ ಎರಡು ಹಂತಗಳು ಒಟ್ಟಿಗೆ ಕೆಡುತ್ತಿವೆ, ಅಥವಾ ಒಂದು ಹಂತವನ್ನು ನೀವು ಬರೆಯುವುದನ್ನೇ ಬಿಟ್ಟಿದ್ದೀರಿ. ಒಂದು ದಿನವೂ ಹತ್ತಿರಕ್ಕೆ ಬರದಿದ್ದರೆ ಐದು ನಿಮಿಷ ತಡವಾಗಿ ಹೊರಡಿ.

ಹೊರಡುವ ಹೊತ್ತನ್ನು ಬದಲಿಸಿದರೆ ಸಂಖ್ಯೆಗಳೂ ಬದಲಾಗುತ್ತವೆ ಎಂಬುದು ನೆನಪಿರಲಿ. 15 ನಿಮಿಷ ಮುಂಚೆ ಮೆಜೆಸ್ಟಿಕ್ ತಲುಪಿದರೆ ನೇರಳೆ ರೈಲಿಗೆ ಕಾಯುವ ಕೆಟ್ಟ ಸಮಯ 9ರಿಂದ 5ಕ್ಕೆ ಇಳಿಯಬಹುದು. ಸಂಜೆಯ ಪ್ರಯಾಣಕ್ಕಂತೂ ಬೆಳಗಿನ ಪಟ್ಟಿಯನ್ನು ತಿರುಗಿಸಿ ಹಾಕಬೇಡಿ, ಬೇರೆಯದನ್ನೇ ಮಾಡಿ. ಕೋಣನಕುಂಟೆ ಕ್ರಾಸ್‌ನಲ್ಲಿ ಇಳಿಯುವಾಗ ಆಟೊಗಳು ಸಾಮಾನ್ಯವಾಗಿ ಕೆಳಗೇ ನಿಂತಿರುತ್ತವೆ, ಸಿಗುವವರೆಗಿನ ಹೊತ್ತು ಒಂದೆರಡು ನಿಮಿಷಕ್ಕೆ ಇಳಿಯುತ್ತದೆ. ಆದರೆ ಕುಂದಲಹಳ್ಳಿಯಲ್ಲಿ ಪ್ರವೇಶದ ಸಾಲು ಬೆಳಗಿನ ನಿರ್ಗಮನಕ್ಕಿಂತ ಉದ್ದವಿರುತ್ತದೆ, ಏಕೆಂದರೆ ಸುತ್ತಲಿನ ಕಚೇರಿಗಳು ಒಂದೇ ಹೊತ್ತಿಗೆ ಬಿಡುತ್ತವೆ. ರಾತ್ರಿ ಪಾಳಿಯ ದಿನವಿದ್ದರೆ ಮೆಜೆಸ್ಟಿಕ್‌ನಿಂದ ರೇಷ್ಮೆ ಸಂಸ್ಥೆಯ ಕಡೆಗೆ ಹೊರಡುವ ಕೊನೆಯ ಹಸಿರು ರೈಲಿನ ಹೊತ್ತನ್ನು ತಿಳಿದುಕೊಂಡು, ಅದರಿಂದ ಹಿಂದಕ್ಕೆ 60 ನಿಮಿಷ ಎಣಿಸಿ ಕಚೇರಿ ಬಿಡಿ: ಮೇಜಿನಿಂದ ಕುಂದಲಹಳ್ಳಿ ಪ್ಲಾಟ್‌ಫಾರಂಗೆ 18 ನಿಮಿಷ ಹೋದರೂ, ರೈಲಿನ 35 ಮತ್ತು ಬದಲಾವಣೆಯ 5 ಸೇರಿದ ಮೇಲೆ ಕೈಯಲ್ಲಿ ಉಳಿಯುವುದು ಎರಡೇ ನಿಮಿಷ, ಮತ್ತು ಆ ಹೊತ್ತಿನಲ್ಲಿ ನೇರಳೆ ರೈಲುಗಳ ಅಂತರ ಅದಕ್ಕಿಂತ ದೊಡ್ಡದು. ಆದ್ದರಿಂದ ಅಂದು ಆ 60ಕ್ಕೆ ನೇರಳೆ ರೈಲಿನ ಒಂದು ಪೂರ್ತಿ ಅಂತರವನ್ನು ಸೇರಿಸಿಯೇ ಹೊರಡಬೇಕು.